ಸಕಲೇಶಪುರದ ಮೂರನೇ ದಿನ

ಮಾನ್ಯ ಸಂಪಾದಕರೇ,
ನನಗೆ 34 ವರ್ಷ, ಐಟಿ ಕೆಲಸ. ರಾತ್ರಿ ಒಂದರವರೆಗೆ ಅಮೆರಿಕದವರ ಜೊತೆ ಕಾಲ್, ಬೆಳಿಗ್ಗೆ ಆರಕ್ಕೆ ಏಳಲೇಬೇಕು. ಎಂಟು ತಿಂಗಳಿಂದ ಹೆಂಡತಿಯ ಹತ್ತಿರ ಹೋಗಲು ಮನಸ್ಸೇ ಆಗುತ್ತಿಲ್ಲ. 'ಬೇರೆ ಯಾರಾದರೂ ಇದ್ದಾರಾ?' ಎಂದು ಅವಳು ಕೇಳಿದ ಮೇಲೆ ಮಾತೂ ಕಡಿಮೆಯಾಗಿದೆ. ದೀಪಾವಳಿಗೆ ನಾಲ್ಕು ದಿನ ಸಕಲೇಶಪುರಕ್ಕೆ ಹೋಗಿದ್ದೆವು. ಮೂರನೇ ದಿನ ಎಲ್ಲ ಸಹಜವಾಗಿತ್ತು. ಬಂದ ಮೇಲೆ ಮತ್ತೆ ಅದೇ. ಒಂದು ಸಂಜೆ ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸಿದರೆ 280 ಬಂತು. ಇಂಜೆಕ್ಷನ್ ತೆಗೆದುಕೊಳ್ಳಲೇ? ನಮಗೆ ಮಗು ಬೇಕು.
– ಹೆಸರು ಬೇಡ, ಬೆಂಗಳೂರು

ಇಂಜೆಕ್ಷನ್ ಈಗ ಖಂಡಿತ ಬೇಡ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ, ಸಾಕಷ್ಟಿದೆ ಎಂದುಕೊಂಡು ಮೆದುಳು ವೃಷಣಗಳಿಗೆ ಸಂದೇಶ ಕಳಿಸುವುದನ್ನು ನಿಲ್ಲಿಸುತ್ತದೆ. ಆಗ ವೀರ್ಯಾಣುಗಳ ಉತ್ಪತ್ತಿ ಕುಸಿಯುತ್ತದೆ, ಕೆಲವರಲ್ಲಿ ಪೂರ್ತಿ ನಿಂತೇ ಹೋಗುತ್ತದೆ. ಅದು ಮರಳಲು ತಿಂಗಳುಗಳೇ ಬೇಕು. ಮಗು ಬೇಕೆನ್ನುವವರಿಗೆ ಇದಕ್ಕಿಂತ ತಪ್ಪು ದಾರಿ ಇನ್ನೊಂದಿಲ್ಲ.

ಆ 280ನ್ನೂ ಅಷ್ಟು ನಂಬಬೇಡಿ. ಈ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ. ಅದಕ್ಕೇ ವೈದ್ಯರು ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆಸುತ್ತಾರೆ. 300ಕ್ಕಿಂತ ಕಡಿಮೆ ಬಂದರೆ ಇನ್ನೊಂದು ಬೆಳಿಗ್ಗೆ ಮತ್ತೆ ನೋಡುತ್ತಾರೆ. ನಿದ್ದೆಯ ಲೆಕ್ಕವೂ ಇದೆ. 2011ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕರನ್ನು ಒಂದೇ ಒಂದು ವಾರ ರಾತ್ರಿ ಐದು ಗಂಟೆ ಮಾತ್ರ ಮಲಗಿಸಿದಾಗ ಅವರ ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15ರಷ್ಟು ಇಳಿದಿತ್ತು. ನೀವು ತಿಂಗಳುಗಟ್ಟಲೆ ಹಾಗೆ ಮಲಗುತ್ತಿದ್ದೀರಿ. ಒಂದು ವಾರ ರಜೆ ಹಾಕಿಯಾದರೂ ಏಳು ಗಂಟೆ ನಿದ್ದೆ ಮಾಡಿ, ಆಮೇಲೆ ಬೆಳಿಗ್ಗೆ ಪರೀಕ್ಷೆ ಮಾಡಿಸಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಕಲೇಶಪುರದ ಮೂರನೇ ದಿನ. ದೇಹದಲ್ಲೇ ದೋಷವಿದ್ದರೆ ಅದು ಊರು ನೋಡಿ ಬಿಟ್ಟು ಹೋಗುವುದಿಲ್ಲ. ಬೆಳಗಿನ ಜಾವ ಎಚ್ಚರವಾದಾಗ ಅಂಗ ತಾನಾಗಿ ನಿಮಿರಿರುತ್ತದೆಯೇ? ಒಬ್ಬರೇ ಇದ್ದಾಗ ಎಂದಾದರೂ ಆಸೆ ಸುಳಿಯುತ್ತದೆಯೇ? ಹೌದಾದರೆ ಆಸೆ ಬತ್ತಿಲ್ಲ, ಅದಕ್ಕೆ ತಡೆ ಬಿದ್ದಿದೆ. ಲೈಂಗಿಕತೆಯ ಸಂಶೋಧನೆ ನಡೆಸುವ ಅಮೆರಿಕದ ಕಿನ್ಸಿ ಸಂಸ್ಥೆಯಲ್ಲಿದ್ದ ಬ್ಯಾಂಕ್ರಾಫ್ಟ್ ಮತ್ತು ಯಾನ್ಸನ್ ಇದನ್ನು ಉದ್ರೇಕ ಮತ್ತು ತಡೆ ಎಂಬ ಎರಡು ವ್ಯವಸ್ಥೆಗಳಾಗಿ ವಿವರಿಸಿದರು. ಗಾಡಿಯ ಆಕ್ಸಿಲರೇಟರ್, ಬ್ರೇಕ್ ಇದ್ದಂತೆ. ಎರಡೂ ಬೇರೆ ಬೇರೆ. ಬ್ರೇಕ್ ಮೇಲೆ ಕಾಲಿಟ್ಟು ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಮುಂದೆ ಹೋಗದು. ಮರುದಿನದ ಕಾಲ್, ದಣಿವು, ಹೆಂಡತಿಯ ಆ ಪ್ರಶ್ನೆ, ಎಲ್ಲವೂ ಬ್ರೇಕೇ. ಸಕಲೇಶಪುರದಲ್ಲಿ ಅದು ಸಡಿಲವಾಗಲು ಎರಡು ದಿನ ಹಿಡಿಯಿತು. ಸಿಲ್ಡೆನಾಫಿಲ್‌ನಂಥ ಮಾತ್ರೆ ನಿಮಿರುವಿಕೆಗೆ ನೆರವಾಗುತ್ತದೆಯೇ ಹೊರತು ಆಸೆ ಹುಟ್ಟಿಸುವುದಿಲ್ಲ, ಆದ್ದರಿಂದ ಅದೂ ಇಲ್ಲಿ ಕೆಲಸಕ್ಕೆ ಬಾರದು.

ನೀವು ಬರೆಯದೆ ಬಿಟ್ಟ ಒಂದು ಮಾತನ್ನು ಊಹಿಸುತ್ತೇನೆ. ನಿಮ್ಮ ಹೆಂಡತಿ ಹೆಗಲ ಮೇಲೆ ಕೈಯಿಟ್ಟರೂ 'ಈಗ ಮುಂದುವರಿಯಬೇಕಾಗುತ್ತದೆ' ಎಂದು ನೀವು ಸೆಟೆದುಕೊಳ್ಳುತ್ತಿರಬಹುದು. ಆ ಸೆಟೆತ ಅವರ ಕೈಗೆ ತಿಳಿಯುತ್ತದೆ. 'ನಾನು ಬೇಡವಾದೆ' ಎಂದು ಅವರೂ ಕೈ ಹಿಂದೆಗೆಯುತ್ತಾರೆ. ಕೊನೆಗೆ ಮನೆಯಲ್ಲಿ ಮುಟ್ಟುವುದೇ ನಿಂತುಹೋಗುತ್ತದೆ. ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪ್ರಕಟಿಸಿದ ಚಿಕಿತ್ಸಾಕ್ರಮ ಹಿಡಿಯುವುದು ಈ ಗಂಟನ್ನೇ, ಇಂದಿಗೂ ಚಿಕಿತ್ಸಕರು ಅದನ್ನು ಬಳಸುತ್ತಾರೆ.

ಮೊದಲು ಇಬ್ಬರೂ ಕೂತು, ಕೆಲವು ವಾರ ಸಂಭೋಗ ಬೇಡವೆಂದು ಒಪ್ಪಿಕೊಳ್ಳಿ. ವಾರಕ್ಕೆ ಎರಡು ಸಲ ಅರ್ಧ ಗಂಟೆ, ಫೋನು ಹೊರಗಿಟ್ಟು, ಒಬ್ಬರು ಇನ್ನೊಬ್ಬರ ಬೆನ್ನು, ತೋಳು, ಕಾಲುಗಳನ್ನು ನಿಧಾನವಾಗಿ ಮುಟ್ಟುವುದು, ಆಮೇಲೆ ಅದಲುಬದಲು. ಸ್ತನ, ಜನನಾಂಗಗಳನ್ನು ಮೊದಲ ಎರಡು ವಾರ ಬಿಟ್ಟುಬಿಡಿ. ಕಾಲ್ ಮುಗಿಸಿದ ರಾತ್ರಿ ಒಂದು ಗಂಟೆ ಇದಕ್ಕೆ ಹೊತ್ತಲ್ಲ, ಶನಿವಾರ ಬೆಳಿಗ್ಗೆ ಆಗಬಹುದು. ಇದು ಹೆಚ್ಚಾಗಿ ಕೆಡುವುದು ಮೊದಲ ವಾರವೇ, ಸ್ವಲ್ಪ ಆಸೆ ಮೂಡಿದ ತಕ್ಷಣ 'ಸರಿಹೋಯ್ತು' ಎಂದು ನಿಯಮ ಮುರಿದಾಗ. ಆಗ ಮುಟ್ಟುವುದು ಮತ್ತೆ ಪರೀಕ್ಷೆಯಾಗುತ್ತದೆ. ಅವರು ಅಡುಗೆಮನೆಯಲ್ಲಿ ಹಾದುಹೋಗುತ್ತ ಬೆನ್ನು ಸವರಿದಾಗ ನೀವು ಸೆಟೆಯದಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು. ಮಗುವಿಗಾಗಿ ದಿನ ಎಣಿಸುವುದನ್ನೂ ಅಲ್ಲಿಯವರೆಗೆ ಬಿಡಿ.

ಅವರ ಪ್ರಶ್ನೆಗೆ ಮೌನ ಉತ್ತರವಲ್ಲ. 'ಯಾರೂ ಇಲ್ಲ. ನೀನು ಬೇಡವೆಂದಲ್ಲ, ನನ್ನಲ್ಲಿ ಏನೂ ಉಳಿದಿರುವುದಿಲ್ಲ' ಎಂದು ಬಾಯಿಬಿಟ್ಟು ಹೇಳಿ. ಮ್ಯಾನೇಜರ್ ಹತ್ತಿರ ವಾರಕ್ಕೆ ಎರಡು ರಾತ್ರಿಯ ಕಾಲ್ ಬಿಡಿಸಿಕೊಳ್ಳಿ.

ಬೆಳಗಿನ ಪರೀಕ್ಷೆ ಎರಡು ಸಲವೂ ಕಡಿಮೆ ಬಂದರೆ ಹಾರ್ಮೋನು ತಜ್ಞರಾದ ಎಂಡೋಕ್ರೈನಾಲಜಿಸ್ಟ್ ಬಳಿ ಹೋಗಿ, ಮಗು ಬೇಕೆಂಬುದನ್ನು ಮೊದಲೇ ಹೇಳಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ ನೋಡುತ್ತಾರೆ. ಮೊದಲು ಖುಷಿ ಕೊಡುತ್ತಿದ್ದ ಬೇರೆ ಯಾವುದೂ ರುಚಿಸುತ್ತಿಲ್ಲವೆಂದಾದರೆ ಅದು ಖಿನ್ನತೆಯಿರಬಹುದು, ಮನೋವೈದ್ಯರನ್ನು ಕಾಣಬೇಕು. ಖಿನ್ನತೆಯ ಕೆಲವು ಮಾತ್ರೆಗಳೂ ಆಸೆ ಕುಗ್ಗಿಸುತ್ತವೆ. ಈಗಾಗಲೇ ಅಂಥದ್ದನ್ನು ನುಂಗುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೇ ಹೇಳಿ, ಬದಲಾಯಿಸಲು ಬರುತ್ತದೆ.