ಎಕ್ಸ್‌ರೇ ಸರಿ ಇದೆ, ಪಾದ ಮಾತ್ರ ನೋಯುತ್ತಿದೆ

ಪ್ರಶ್ನೆ: ನನಗೆ 22 ವರ್ಷ. ಪೊಲೀಸ್ ಫಿಸಿಕಲ್‌ಗೆ ತಯಾರಿ ಮಾಡುತ್ತಿದ್ದೇನೆ. ದಿನಾ 2 ಕಿ.ಮೀ. ಓಡುತ್ತಿದ್ದವನು ಒಮ್ಮೆಲೇ 6ಕ್ಕೆ ಏರಿಸಿದೆ. ಮೂರನೇ ವಾರ ಬಲಪಾದದ ಮುಂಭಾಗ ನೋಯತೊಡಗಿತು, ಮೇಲೆ ಸ್ವಲ್ಪ ಊತವೂ ಇದೆ. ಬಿದ್ದಿಲ್ಲ, ಉಳುಕಿಲ್ಲ. ನೋವು ಶುರುವಾದ ಐದನೇ ದಿನ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು. ಓಡಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಐದನೇ ದಿನದ ಎಕ್ಸ್‌ರೇ ನಂಬಿ ಓಡಿದರೆ, ಮೂಳೆಯಲ್ಲಿ ಇದ್ದಿರಬಹುದಾದ ಕೂದಲೆಳೆಯಷ್ಟು ಬಿರುಕು ಪೂರ್ತಿ ಮುರಿತವಾಗಬಹುದು.

ಬೆರಳುಗಳ ಹಿಂದೆ ಪಾದದಲ್ಲಿ ಐದು ಉದ್ದ ಮೂಳೆಗಳಿವೆ, ಮೆಟಟಾರ್ಸಲ್ ಅಂತ ಹೆಸರು. ಹೆಬ್ಬೆರಳಿನ ಕಡೆಯಿಂದ ಎರಡನೆಯದು ಎಲ್ಲಕ್ಕಿಂತ ಉದ್ದ, ತೆಳ್ಳಗೆ. ಅದರ ಬುಡ ಅಲುಗಾಡದಂತೆ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಪ್ರತಿ ಹೆಜ್ಜೆಗೂ ಅದು ಸ್ವಲ್ಪ ಬಾಗುತ್ತದೆ. ಹೊಸ ಭಾರ ಬಿದ್ದಾಗ ದೇಹ ಮೊದಲು ದಣಿದ ಮೂಳೆಯನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕೆರೆಯುವುದು ವಾರಗಳ ಕೆಲಸ, ಕಟ್ಟುವುದು ತಿಂಗಳುಗಳದ್ದು. ಈ ನಡುವಿನ ಹೊತ್ತಿನಲ್ಲೂ ನೀವು ಏರಿಸಿದ ಓಟ ನಿಲ್ಲಿಸಲಿಲ್ಲ. ಪೆಟ್ಟೇ ಬೀಳದೆ ಬಿರುಕು ಬರುವುದು ಹೀಗೆ. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾದ ಸೇನಾ ವೈದ್ಯ ಸೈನಿಕರ ಊದಿದ ಪಾದಗಳ ಬಗ್ಗೆ ಬರೆದಿದ್ದ. ಆಗ ಎಕ್ಸ್‌ರೇಯೇ ಇರಲಿಲ್ಲ, ಅದು ಮೂಳೆಯ ಬಿರುಕು ಅಂತ ಗೊತ್ತಾಗಲು ಸುಮಾರು ನಲವತ್ತು ವರ್ಷ ಬೇಕಾಯಿತು. ಈ ಬಿರುಕಿಗೆ ಮಾರ್ಚ್ ಫ್ರ್ಯಾಕ್ಚರ್ ಅನ್ನೋ ಹೆಸರು ಬಂದದ್ದು ಸೈನಿಕರ ಕವಾಯತಿನ ನಡಿಗೆಯಿಂದಲೇ.

ಮೊದಲು ಕೈಬೆರಳನ್ನೇ ನಂಬಿ. ಪಾದದ ಮೇಲ್ಭಾಗದಲ್ಲಿ ಒಂದೊಂದೇ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತುತ್ತಾ ಹೋಗಿ. ಒಂದೇ ಮೂಳೆಯ ಮೇಲೆ, ಒಂದು ನಾಣ್ಯದಷ್ಟು ಜಾಗದಲ್ಲಿ ‘ಅಯ್ಯೋ’ ಅನ್ನುವಂತಾದರೆ ಬಿರುಕಿನ ಅನುಮಾನ ಬಲವಾಗುತ್ತದೆ. ಎರಡು ಮೂಳೆಗಳ ನಡುವೆ ನೋವಿದ್ದು, ಕಾಲ್ಬೆರಳು ಜೋಮು ಹಿಡಿದರೆ ಅದು ನರದ ತೊಂದರೆ ಇರಬಹುದು. ಅಂಗಾಲಿನ ಮುಂಭಾಗದಲ್ಲಷ್ಟೇ ನೋವಾದರೆ ಬಹುಶಃ ಬರೀ ಒತ್ತಡದ ನೋವು. ಕುಂಟೆಬಿಲ್ಲೆ ಆಟದ ಹಾಗೆ ಒಂಟಿ ಕಾಲಲ್ಲಿ ಜಿಗಿದು ನೋಡಲು ಮಾತ್ರ ಹೋಗಬೇಡಿ.

ಎಕ್ಸ್‌ರೇಯಲ್ಲಿ ಮೊದಲ ಎರಡು ಮೂರು ವಾರ ಬಿರುಕು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಆಮೇಲೆ ಮೂಳೆಯ ಸುತ್ತ ಹೊಸ ಮೂಳೆ ಕಟ್ಟುತ್ತದೆ, ಮರದ ಗಾಯದ ಸುತ್ತ ಗಂಟು ಕಟ್ಟುವ ಹಾಗೆ. ಎಕ್ಸ್‌ರೇಗೆ ಸಿಗುವುದು ಹೆಚ್ಚಾಗಿ ಆ ಗಂಟೇ. ಹಾಗಾಗಿ ಎರಡು ಮೂರು ವಾರ ಬಿಟ್ಟು ಮತ್ತೊಂದು ಎಕ್ಸ್‌ರೇ ತೆಗೆಸಿ. ಫಿಸಿಕಲ್ ಹತ್ತಿರವಿದ್ದು ಕಾಯಲು ಆಗದಿದ್ದರೆ ಎಂಆರ್‌ಐ ಮಾಡಿಸಬಹುದು. ಅದು ಮೂಳೆಯೊಳಗಿನ ಊತವನ್ನೇ ತೋರಿಸುತ್ತದೆ, ಗಂಟು ಕಟ್ಟುವವರೆಗೆ ಕಾಯಬೇಕಿಲ್ಲ. ದುಬಾರಿ, ಅದು ನಿಜ.

ಅಲ್ಲಿಯವರೆಗೆ ಬಿರುಕಿದೆ ಅಂತಲೇ ಇಟ್ಟುಕೊಳ್ಳಿ. ಗಟ್ಟಿ ಅಡಿಯ ಶೂ ಹಾಕಿ, ಕಡಿಮೆ ನಡೆಯಿರಿ. ನೋವಿನ ಮಾತ್ರೆ ನುಂಗಿ ಓಡುವುದಂತೂ ಬೇಡ. ಎರಡನೇ, ಮೂರನೇ ಮೂಳೆಯ ಬಿರುಕು ಹೀಗೇ ಆರರಿಂದ ಎಂಟು ವಾರದಲ್ಲಿ ಕೂಡಿಕೊಳ್ಳುತ್ತದೆ. ಕಿರುಬೆರಳಿನ ಹಿಂದಿನ ಉದ್ದ ಮೂಳೆಯ ಬುಡದಲ್ಲಿ ನೋವಿದ್ದರೆ ಮಾತ್ರ ಕಾಯದೆ ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ. ಅಲ್ಲಿ ರಕ್ತ ಸಂಚಾರ ಕಡಿಮೆ, ಬಿರುಕು ಸುಲಭಕ್ಕೆ ಕೂಡುವುದಿಲ್ಲ.