ಟಾಪ್ ವೇರಿಯಂಟ್‌ಗೆ ಕೊಡುವ ಹೆಚ್ಚುವರಿ ಹಣ

> ಒಂದೇ ಕಾರು, ನಡುವಿನ ವೇರಿಯಂಟ್ ಎಕ್ಸ್‌ಶೋರೂಂ 9.60 ಲಕ್ಷ, ಟಾಪ್ 10.40. ಅಲಾಯ್, ಸನ್‌ರೂಫ್, ರಿವರ್ಸ್ ಕ್ಯಾಮೆರಾ, ಹಿಂದಿನ ವೈಪರ್, ಸೀಟ್ ಎತ್ತರ ಹೊಂದಿಸೋದು ಟಾಪ್‌ನಲ್ಲಿ ಮಾತ್ರ. 80 ಸಾವಿರ ಹಾಕಬಹುದಾ? ಶಿವಮೊಗ್ಗದಲ್ಲಿ ರಿಜಿಸ್ಟ್ರೇಷನ್.

ನಿಮಗೆ ಗೊಂದಲ ಆಗಿರೋದು ಎಕ್ಸ್‌ಶೋರೂಂ ಬೆಲೆ ಹೋಲಿಸಿದ್ದರಿಂದ. ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ರಸ್ತೆ ತೆರಿಗೆ 5ರಿಂದ 10 ಲಕ್ಷದವರೆಗೆ 14%, 10 ದಾಟಿ 20 ಲಕ್ಷದವರೆಗೆ ಪೂರ್ತಿ ಬೆಲೆಯ ಮೇಲೆ 17%. ಅಂದರೆ ನಡುವಿನದಕ್ಕೆ 1,34,400, ಟಾಪ್‌ಗೆ 1,76,800. ನಿಮ್ಮ 80 ಸಾವಿರ ಇಲ್ಲಿಗೇ 1,22,400 ಆಯ್ತು. ಸೆಸ್, ಇನ್ಶೂರೆನ್ಸ್ ವ್ಯತ್ಯಾಸ ಇನ್ನೂ ಬೇರೆ. ಹಾಗಾಗಿ ಮೊದಲು ಎರಡಕ್ಕೂ ಆನ್‌ರೋಡ್ ಕೊಟೇಶನ್ ಬರೆಸಿಕೊಳ್ಳಿ. ಟಾಪ್‌ನ ಕೊಟೇಶನ್‌ನಲ್ಲಿ 1% ಟಿಸಿಎಸ್, ಅಂದರೆ ಡೀಲರ್ ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ, ಇದ್ದರೆ ಅದನ್ನು ಬಿಟ್ಟು ಹೋಲಿಸಿ, ಅದು ಐಟಿ ರಿಟರ್ನ್‌ನಲ್ಲಿ ವಾಪಸ್ ಸಿಗುತ್ತೆ.

ಆಮೇಲೆ ನಿಮ್ಮ ಪಟ್ಟಿಯಲ್ಲಿ ಹೊರಗೆ ಹಾಕಿಸಬಹುದಾದದ್ದನ್ನು ಹೊಡೆದುಹಾಕಿ. ಅಲಾಯ್, ಕ್ಯಾಮೆರಾ ಎರಡೂ ಹೋಗುತ್ತವೆ. ಕ್ಯಾಮೆರಾವನ್ನು ಶೋರೂಂನಲ್ಲೇ, ವೈರ್ ಕತ್ತರಿಸದೆ ಕಪ್ಲರ್‌ನಲ್ಲಿ ಹಾಕಿಸಿ. ವೈರ್ ಕತ್ತರಿಸಿದರೆ ವಾರಂಟಿಗೆ ತಕರಾರು ಬರುತ್ತೆ.

ಆಮೇಲಿಂದ ಸೇರಿಸೋಕೆ ಕಷ್ಟ ಇರೋದು ಸನ್‌ರೂಫ್, ಸೀಟ್ ಮತ್ತು ವೈಪರ್. ಸನ್‌ರೂಫ್ ಇಲ್ಲದಿದ್ದರೂ ನಡೆಯುತ್ತೆ, ನೋಡಬೇಕಾದದ್ದು ಉಳಿದೆರಡು. ನಡುವಿನ ವೇರಿಯಂಟ್‌ನಲ್ಲೇ ಟೆಸ್ಟ್ ಡ್ರೈವ್ ಕೇಳಿ, ಶೋರೂಂನವರು ಸಾಮಾನ್ಯವಾಗಿ ಟಾಪ್ ಮಾತ್ರ ಕೊಡ್ತಾರೆ. ಕೂತಾಗ ಬಾನೆಟ್ಟಿನ ಅಂಚು ಕಾಣದೆ ಕತ್ತು ಚಾಚಬೇಕಾದರೆ, ದಿನಾ ಓಡಿಸುವವರಿಗೆ ಟಾಪ್ ತಗೊಳ್ಳೋದೇ ಸರಿ. ನಿಮ್ಮ ಎತ್ತರ ಗೊತ್ತಿಲ್ಲದೆ ಇದನ್ನು ನಾನು ಹೇಳಲಾರೆ. ಮಲೆನಾಡಿನ ಮಳೆಗೆ ಹಿಂದಿನ ವೈಪರ್ ನಿಜವಾಗಲೂ ಬೇಕು, ಆದರೆ ಅದೊಂದಕ್ಕೇ ಲಕ್ಷದ ಮೇಲೆ ಕೊಡಬೇಡಿ.

ಸೀಟ್ ಸರಿಹೋದರೆ ನಡುವಿನದನ್ನೇ ಬುಕ್ ಮಾಡಿ. ಏರ್‌ಬ್ಯಾಗ್ ಸಂಖ್ಯೆ, ಕಾರು ಜಾರದಂತೆ ಹಿಡಿತದಲ್ಲಿಡುವ ಇಎಸ್‌ಪಿ ಎರಡು ವೇರಿಯಂಟ್‌ನಲ್ಲೂ ಒಂದೇ ಇದೆಯಾ ಅಂತ ಬ್ರೋಷರ್‌ನಲ್ಲಿ ನೋಡಿಕೊಂಡೇ ಅಡ್ವಾನ್ಸ್ ಕೊಡಿ.