‘ಆಲು’ ಅಂದಿದ್ದಕ್ಕೆ ಮುಗಿಬಿದ್ದವರು

ಆನ್‌ಲೈನ್‌ನಲ್ಲಿ ಜನ ಮುಗಿಬಿದ್ದರು ಎಂಬ ತೊಂದರೆ ಹೇಳಿಕೊಂಡು ಈ ವರ್ಷ ಆಪ್ತಸಮಾಲೋಚನೆಗೆ ನನ್ನಲ್ಲಿಗೆ ಬಂದವರಲ್ಲಿ ಇವರು ನಾಲ್ಕನೆಯವರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 27, ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳಿಗೆಂದು ಮಾಡಿದ ಪಾಠದ ವಿಡಿಯೊದಲ್ಲಿ ‘ಹಾಲು’ ಅನ್ನುವುದನ್ನು ತಮ್ಮ ಊರಿನ ರೂಢಿಯಂತೆ ‘ಆಲು’ ಅಂದಿದ್ದರು. ಯಾರೋ ಅಷ್ಟು ತುಣುಕನ್ನು ಮಾತ್ರ ಕತ್ತರಿಸಿ ಜಾಲತಾಣದಲ್ಲಿ ಹಾಕಿದರು, ಗೇಲಿಯ ಕಾಮೆಂಟ್‌ಗಳು ಬರತೊಡಗಿದವು. ಮೂರು ದಿನ ನಿದ್ದೆಯಿಲ್ಲ, ಶಾಲೆಗೂ ರಜೆ.

“ನನ್ನನ್ನು ಟ್ರೋಲ್ ಮಾಡ್ತಿದ್ದಾರೆ ಮೇಡಂ” ಅಂದರು. ನಾವು ಎಲ್ಲದಕ್ಕೂ ಈ ಒಂದೇ ಪದ ಬಳಸುತ್ತೇವೆ. ಆದರೆ ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗುತ್ತಾ ಮೀನು ಹಿಡಿಯುವುದನ್ನೂ ಇಂಗ್ಲಿಷಿನಲ್ಲಿ ಟ್ರೋಲಿಂಗ್ ಅನ್ನುತ್ತಾರೆ. ಬೇಕಂತಲೇ ಕೆರಳಿಸುವ ಮಾತು ಎಸೆದು, ಯಾರು ಕಚ್ಚುತ್ತಾರೆ ಎಂದು ಕಾಯುವುದು ಟ್ರೋಲಿಂಗ್. ಇವರಿಗೆ ಆಗಿದ್ದೆಲ್ಲ ಅದೇನಾ?

ಎರಡನೇ ಭೇಟಿಯಲ್ಲಿ ಮೊದಲ 40 ಕಾಮೆಂಟ್‌ಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ವಿಂಗಡಿಸಲು ಕೂತೆವು. ಕೈ ನಡುಗುತ್ತಿತ್ತು, ಆದರೂ ಬರೆದರು. ನಾಲ್ಕು ನೇರ ಬೈಗುಳ. ಇದು ಫ್ಲೇಮಿಂಗ್, ಅಂದರೆ ಬೆಂಕಿ ಉಗುಳುವುದು. ವಾದ ಇರುವುದಿಲ್ಲ, ಸಿಟ್ಟು ಮಾತ್ರ. ಐದು ಕಾಮೆಂಟ್ ಒಬ್ಬನದೇ. “ಶಿಕ್ಷಕರಿಗೆ ಉಚ್ಚಾರಣೆ ಮುಖ್ಯ ಅಲ್ವಾ? ದಯವಿಟ್ಟು ಆಧಾರ ಕೊಡಿ” ಅಂತ ಬಹಳ ವಿನಯ. ಇವರು ಎರಡು ಸಲ ಉದ್ದುದ್ದ ಉತ್ತರ ಬರೆದಿದ್ದರೂ ಮತ್ತೆ ಅದೇ ಪ್ರಶ್ನೆ. ಇದಕ್ಕೆ ಸೀಲಯನಿಂಗ್ ಅನ್ನುತ್ತಾರೆ. 2014ರ ಒಂದು ವ್ಯಂಗ್ಯಚಿತ್ರದಲ್ಲಿ ಕಡಲಸಿಂಹವೊಂದು ಸಭ್ಯವಾಗಿ ಪ್ರಶ್ನೆ ಕೇಳುತ್ತಾ ಮನೆಯೊಳಗೂ ಹಿಂಬಾಲಿಸಿ ಬರುತ್ತದೆ, ಹೆಸರು ಬಂದಿದ್ದು ಅಲ್ಲಿಂದ. ನಿಜವಾದ ಕುತೂಹಲವಾದರೆ ಉತ್ತರ ಸಿಕ್ಕ ಮೇಲೆ ಪ್ರಶ್ನೆ ಬದಲಾಗುತ್ತದೆ. ಇಲ್ಲಿ ಬದಲಾಗಿರಲಿಲ್ಲ.

ಒಬ್ಬರು ಮಾತ್ರ “ಪಾಠದಲ್ಲಿ ಹಕಾರ ಬೇಕು ಮೇಡಂ, ಮಕ್ಕಳು ಹಾಗೇ ಬರೀತಾರೆ” ಅಂದಿದ್ದರು. ಅದನ್ನೂ ಟ್ರೋಲ್ ಅಂತ ಬರೆಯಹೊರಟರು. ನಾನು ಬೇಡ ಅಂದೆ. ಅದು ತಿದ್ದುಪಡಿ. ನೋವಾದಾಗ ಎಲ್ಲ ಮಾತೂ ಒಂದೇ ಥರ ಕೇಳಿಸುತ್ತದೆ, ಆದರೆ ಎಲ್ಲ ಒಂದೇ ಅಲ್ಲ.

ಉಳಿದವುಗಳಲ್ಲಿ 29 ಕಾಮೆಂಟ್ ಬರೀ ‘ಆಲು’ ಎಂಬ ಪದ, ಇಲ್ಲವೇ ನಗುವ ಮುಖ. ಬರೆಯುತ್ತಾ ಬರೆಯುತ್ತಾ ಅವರು ಪೆನ್ನು ಕೆಳಗಿಟ್ಟರು.

“ಮೇಡಂ, ಇವರಲ್ಲಿ ಯಾರೂ ನನಗೆ ಬೈದೇ ಇಲ್ಲ. ಮತ್ತೆ ನನಗ್ಯಾಕೆ ಇಷ್ಟು ಉರಿ?”

ಇದೇ ಡಾಗ್‌ಪೈಲಿಂಗ್, ಅಂದೆ. ಬಿದ್ದವನ ಮೇಲೆ ಒಬ್ಬರಾದ ಮೇಲೊಬ್ಬರು ಬೀಳುವುದು. ಮೇಲೆ ಬಿದ್ದ ಪ್ರತಿಯೊಬ್ಬನಿಗೂ ತನ್ನ ಭಾರ ಮಾತ್ರ ಗೊತ್ತು, “ನಾನೇನು ಮಹಾ ಅಂದೆ?” ಅನ್ನುತ್ತಾನೆ. ಕೆಳಗಿದ್ದವರಿಗೆ ಗೊತ್ತಾಗುವುದು ಒಟ್ಟು ಭಾರ. ಅವರು ಅತ್ತರು. ಮೂರು ದಿನದಿಂದ ‘ನಾನೇ ಜಾಸ್ತಿ ಮನಸ್ಸಿಗೆ ಹಚ್ಚಿಕೊಂಡೆ’ ಅಂತ ತಮ್ಮನ್ನೇ ಬೈದುಕೊಳ್ಳುತ್ತಿದ್ದರಂತೆ.

ಹೆಸರು ಹಚ್ಚಿ ಏನು ಪ್ರಯೋಜನ, ಸುಮ್ನೆ ಫೋನ್ ಆಫ್ ಮಾಡಿ ಅನ್ನಬಾರದಿತ್ತೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನಾನು ಒಪ್ಪುವುದಿಲ್ಲ. ಒಂದೊಂದಕ್ಕೂ ಮಾಡಬೇಕಾದ್ದು ಬೇರೆ. ಬೈದವನನ್ನು ಬ್ಲಾಕ್ ಮಾಡಿದರೆ ಮುಗಿಯಿತು. ಅದೇ ಪ್ರಶ್ನೆ ಕೇಳುವವನಿಗೆ ಒಂದೇ ಉತ್ತರ, ಆಮೇಲೆ ಮೌನ. ಗುಂಪು ಮುಗಿಬಿದ್ದಾಗ ಒಬ್ಬೊಬ್ಬರಿಗೂ ಉತ್ತರ ಕೊಡುವುದು ದೊಡ್ಡ ತಪ್ಪು. ಉತ್ತರ ಹೆಚ್ಚಿದಷ್ಟೂ ಆ ಪೋಸ್ಟ್ ಇನ್ನಷ್ಟು ಜನರ ಮುಂದೆ ಬರುತ್ತದೆ. ಇವರು ಆಗಲೇ 60 ಉತ್ತರ ಬರೆದಿದ್ದರು. ಕಾಮೆಂಟ್‌ಗಳನ್ನು ಪರಿಚಯದವರಿಗಷ್ಟೇ ಸೀಮಿತಗೊಳಿಸಿ, ಒಂದು ವಾರ ಖಾತೆಯನ್ನು ತಂಗಿಯ ಕೈಗೆ ಕೊಡಿ ಅಂದೆ.

ಇನ್ನೊಂದು ಸಾಲು ಉಳಿದಿತ್ತು, ನಲವತ್ತನೆಯದು. ಅದರಲ್ಲಿ ಬೈಗುಳವೂ ಇಲ್ಲ, ನಗುವೂ ಇಲ್ಲ. ಅವರ ಶಾಲೆಯ ಹೆಸರು ಮತ್ತು ಅವರು ದಿನಾ ಇಳಿಯುವ ಬಸ್‌ಸ್ಟಾಪು ಅಷ್ಟೇ. ಅವರು ಅದನ್ನು ನೋಡಿಯೂ ದಾಟಿ ಹೋಗಿದ್ದರು, ಬೈಗುಳ ಇರಲಿಲ್ಲವಲ್ಲ. ನನಗೆ ಹೆದರಿಕೆಯಾಗಿದ್ದು ಇದೊಂದರಿಂದಲೇ. ಇದು ಡಾಕ್ಸಿಂಗ್, ಒಬ್ಬರ ಖಾಸಗಿ ವಿವರವನ್ನು ಬೀದಿಗೆ ಹಾಕುವುದು. ಇದನ್ನು ಸಹಿಸಿಕೊಂಡು ಕೂರಬಾರದು. ಅಳಿಸುವ ಮುಂಚೆಯೇ ಸ್ಕ್ರೀನ್‌ಶಾಟ್, ಪ್ರೊಫೈಲ್ ಲಿಂಕ್, ದಿನಾಂಕ ಎಲ್ಲ ಎತ್ತಿಟ್ಟುಕೊಳ್ಳಬೇಕು. ಅಲ್ಲೇ ಕೂತು ತೆಗೆದಿಟ್ಟೆವು. cybercrime.gov.in ನಲ್ಲಿ ದೂರು ಬರೆದೆವು, ಮುಖ್ಯ ಶಿಕ್ಷಕರಿಗೂ ಫೋನ್ ಮಾಡಿಸಿದೆ.

ಮರುದಿನ ಬೆಳಿಗ್ಗೆ ಅವರ ಅಣ್ಣ ಬಸ್‌ಸ್ಟಾಪಿನಲ್ಲಿ ಕಾದು ನಿಂತು, ಶಾಲೆಯ ಗೇಟಿನವರೆಗೆ ಜೊತೆಗೆ ನಡೆದರಂತೆ.